ಸೆಡೆನಾಕ್‌ಗೆ ಬರಲಾರೆ ಎಂದು ಬರೆದ ಪತ್ರ

2024ರ ಆಗಸ್ಟ್‌ನಲ್ಲಿ ನಾನು ಕೆಲಸ ಮಾಡುತ್ತಿದ್ದ ಕಂಪನಿ ಸೈಬರ್‌ಜಯಾದ ತನ್ನ ಡೇಟಾ ಸೆಂಟರ್ ತಂಡವನ್ನು ಕಡಿತಗೊಳಿಸಿತು. ಪಟ್ಟಿಯಲ್ಲಿ ಮೊದಲು ಬಂದದ್ದು ನಮ್ಮಂಥ ವಿದೇಶಿಯರ ಹೆಸರು. ಇದರಲ್ಲಿ ಯಾರ ಹಗೆಯೂ ಇರಲಿಲ್ಲ. ಹುದ್ದೆ ಕಡಿತ ಮಾಡುವಾಗ ಅದೇ ಬಗೆಯ ಕೆಲಸದಲ್ಲಿರುವ ವಿದೇಶಿ ನೌಕರರನ್ನು ಮೊದಲು ಬಿಡಬೇಕು, ಆಮೇಲೆ ಸ್ಥಳೀಯರನ್ನು ಮುಟ್ಟಬೇಕು ಎಂದು ಮಲೇಷ್ಯಾದ 1955ರ ಉದ್ಯೋಗ ಕಾಯ್ದೆಯೇ ಹೇಳುತ್ತದೆ. ತನ್ನ ಜನರನ್ನು ಮೊದಲು ನೋಡಿಕೊಳ್ಳುವುದು ಯಾವ ದೇಶಕ್ಕಾದರೂ ಸಹಜ. ನನ್ನ ಕರಾರಿನ ಪ್ರಕಾರ ಮೂರು ತಿಂಗಳ ನೋಟಿಸ್ ಇತ್ತು. ನವೆಂಬರ್ 30 ಕೊನೆಯ ದಿನ.

ಇಲ್ಲಿ ಕೆಲಸ ಹೋಗುವುದೆಂದರೆ ಬರೀ ಸಂಬಳ ನಿಲ್ಲುವುದಲ್ಲ. ನಮ್ಮಂಥವರಿಗೆ ಕೊಡುವ ಎಂಪ್ಲಾಯ್‌ಮೆಂಟ್ ಪಾಸ್ ಒಂದು ಕಂಪನಿಯ ಹೆಸರಿಗೆ ಅಂಟಿಕೊಂಡಿರುತ್ತದೆ. ಆ ಕಂಪನಿಯನ್ನು ಬಿಟ್ಟರೆ ಪಾಸ್ ರದ್ದಾಗುತ್ತದೆ. ಗಂಡನ, ಮಗಳ ಡಿಪೆಂಡೆಂಟ್ ಪಾಸ್‌ಗಳು ನನ್ನ ಪಾಸಿನ ಮೇಲೆ ನಿಂತಿವೆ. ನನ್ನದು ಹೋದರೆ ಅವರದೂ ಹೋಯಿತು. ಹೊಸ ಕಂಪನಿ ಸಿಕ್ಕರೂ ಹಳೆಯ ಪಾಸನ್ನು ಅದಕ್ಕೆ ವರ್ಗಾಯಿಸಲು ಬರುವುದಿಲ್ಲ. ವಿದೇಶಿಯರನ್ನು ನೇಮಿಸಿಕೊಳ್ಳಲು ಆ ಕಂಪನಿ ಮೊದಲೇ ಇಮಿಗ್ರೇಷನ್‌ನ ಎಕ್ಸ್‌ಪ್ಯಾಟ್ರಿಯೇಟ್ ಸರ್ವಿಸಸ್ ಡಿವಿಷನ್‌ನಲ್ಲಿ ನೋಂದಾಯಿಸಿರಬೇಕು, ಆ ಹುದ್ದೆಗೆ ವಿದೇಶಿಯರನ್ನು ತೆಗೆದುಕೊಳ್ಳಲು ಮಂಜೂರಾತಿ ಪಡೆದಿರಬೇಕು, ಹಳೆಯ ಕಂಪನಿ ಬಿಡುಗಡೆ ಪತ್ರ ಕೊಡಬೇಕು, ಆಮೇಲೆ ಹೊಸದಾಗಿ ಅರ್ಜಿ ಹಾಕಬೇಕು. ಇದೆಲ್ಲ ವಾರಗಟ್ಟಲೆ ಹಿಡಿಯುವ ಕೆಲಸ. ಹಾಗಾಗಿ ಮೂರು ತಿಂಗಳ ನೋಟಿಸ್ ಇದ್ದರೂ ಕೆಲಸ ಹುಡುಕುವುದಕ್ಕೆ ನಿಜವಾಗಿ ಸಿಗುವುದು ಅದರ ಅರ್ಧ ಮಾತ್ರ.

ನಮ್ಮ ಮನೆಯಲ್ಲಿ ಇದರ ಜೊತೆಗೆ ಇನ್ನೂ ಎರಡು ಗಂಟುಗಳಿದ್ದವು. ಇವರು, ಅಂದರೆ ನಮ್ಮ ಯಜಮಾನರು, ಮೂತ್ರಪಿಂಡ ಕೈಕೊಟ್ಟಿದ್ದರಿಂದ ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಿಕೊಳ್ಳುತ್ತಾರೆ. ಪುಚೊಂಗ್‌ನ ನಮ್ಮ ಮನೆಯ ಹತ್ತಿರದ ಕೇಂದ್ರದಲ್ಲಿ ಒಂದು ಸಲಕ್ಕೆ ನಾಲ್ಕು ಗಂಟೆ. ವಿದೇಶಿಯರಿಗೆ ಸರಕಾರದ ರಿಯಾಯಿತಿ ಇಲ್ಲದ್ದರಿಂದ ಕಂಪನಿಯ ಗುಂಪು ವಿಮೆಯೇ ನಮಗೆ ಆಸರೆ. ಆ ವಿಮೆಯೂ ನನ್ನ ಕೊನೆಯ ದಿನಕ್ಕೆ ಮುಗಿಯುತ್ತಿತ್ತು. ಮಗಳು ಸಿಬಿಎಸ್‌ಇ ಹನ್ನೆರಡನೆಯ ತರಗತಿಯಲ್ಲಿದ್ದಳು. 2025ರ ಫೆಬ್ರವರಿ 15ಕ್ಕೆ ಬೋರ್ಡ್ ಪರೀಕ್ಷೆ ಶುರು. ಹನ್ನೆರಡನೆಯ ತರಗತಿಯ ನಡುವೆ ಶಾಲೆ ಬದಲಿಸಬೇಕೆಂದರೆ ಮಂಡಳಿಯ ಅನುಮತಿ ಬೇಕು. ಪರೀಕ್ಷೆಗೆ ಕೂರುವವರ ಪಟ್ಟಿ ಒಮ್ಮೆ ಶಾಲೆಯಿಂದ ಹೋದ ಮೇಲೆ ಆ ದಾರಿಯೂ ಮುಚ್ಚಿದಂತೆಯೇ. ಬಿಟ್ಟು ಊರಿಗೆ ಹೋಗಿಬಿಡೋಣವೆಂದರೂ ಅದೇ ಅಡ್ಡಿ. ದಾವಣಗೆರೆಯಲ್ಲಿ ಡಯಾಲಿಸಿಸ್ ಇದೆ, ಬಂಧುಗಳಿದ್ದಾರೆ. ಆದರೆ ಪರೀಕ್ಷೆಗೆ ತಿಂಗಳುಗಳು ಉಳಿದಿರುವಾಗ ಮಗುವನ್ನು ಎಬ್ಬಿಸಿಕೊಂಡು ಎಲ್ಲಿಗೆ ಹೋಗುವುದು? ದೇಶ ಬಿಟ್ಟು ಹೋಗುವ ವಿದೇಶಿ ನೌಕರರ ಕೊನೆಯ ಸಂಬಳವನ್ನು ತೆರಿಗೆ ಇಲಾಖೆಯ ಪತ್ರ ಬರುವ ತನಕ ಕಂಪನಿ ತಡೆಹಿಡಿಯಬೇಕೆಂಬ ನಿಯಮವೂ ಇದೆ. ಕೈಯಲ್ಲಿ ದುಡ್ಡು ಬೇಕಾದ ತಿಂಗಳಲ್ಲೇ ಅದು ಸಿಗುವುದಿಲ್ಲ.

ಹೀಗಿರುವಾಗ ಸೆಪ್ಟೆಂಬರ್‌ನಲ್ಲಿ ಒಬ್ಬ ನೇಮಕಾತಿ ಏಜೆಂಟರ ಸಂದೇಶ ಬಂತು. ಕ್ವಾಲಾಲಂಪುರದ ಚೀನೀ ಮೂಲದ ಹೆಂಗಸು, ಈ ಕ್ಷೇತ್ರದ ನೇಮಕಾತಿಯನ್ನೇ ಮಾಡುವವರು. ಜೊಹೊರ್ ರಾಜ್ಯದ ಸೆಡೆನಾಕ್‌ನಲ್ಲಿ ಕಮಿಷನಿಂಗ್ ಮ್ಯಾನೇಜರ್ ಹುದ್ದೆ, ವಾರಕ್ಕೆ ಐದು ದಿನ ಸೈಟಿನಲ್ಲೇ ಇರಬೇಕು, ಸಂಬಳ ಈಗಿನದಕ್ಕಿಂತ ಹೆಚ್ಚು, ಪಾಸ್ ಕಂಪನಿಯೇ ಮಾಡಿಸುತ್ತದೆ, ಮನೆ ಸಾಗಿಸಲು ಭತ್ಯೆ, ನವೆಂಬರ್‌ನಲ್ಲೇ ಸೇರಬಹುದು. ಇದಕ್ಕಿಂತ ಹೇಳಿ ಮಾಡಿಸಿದ ಕೆಲಸ ನನಗೆ ಸಿಗುವುದು ಕಷ್ಟವಿತ್ತು.

ಸೆಡೆನಾಕ್‌ನಲ್ಲಿ ಏಕೆ ಇಷ್ಟು ಕೆಲಸ ಎಂಬುದನ್ನು ಹೇಳಬೇಕು. ಸಿಂಗಾಪುರ 2019ರಿಂದ 2022ರ ಆರಂಭದವರೆಗೆ ಹೊಸ ಡೇಟಾ ಸೆಂಟರ್‌ಗಳಿಗೆ ಅನುಮತಿ ಕೊಡುವುದನ್ನು ನಿಲ್ಲಿಸಿತ್ತು. ಅಲ್ಲಿ ಜಾಗವೂ ಕಡಿಮೆ, ವಿದ್ಯುತ್ತಿಗೂ ಮಿತಿ. ಸೇತುವೆ ದಾಟಿದರೆ ಜೊಹೊರ್. ಅಲ್ಲಿ ಭೂಮಿ ಇತ್ತು, ಕರೆಂಟ್ ಇತ್ತು, ನೀರಿತ್ತು. ಆ ಕಡೆಯ ಬೇಡಿಕೆಯೆಲ್ಲ ಈ ಕಡೆ ಹರಿದು ಬಂತು. ಸೆಡೆನಾಕ್ ಇರುವ, ಎಣ್ಣೆತಾಳೆಯ ತೋಟಗಳಿದ್ದ ಕುಲಾಯ್ ಸುತ್ತಮುತ್ತ ಈಗ ಸಾಲುಸಾಲು ಕಿಟಕಿಯಿಲ್ಲದ ಕಟ್ಟಡಗಳು ಏಳುತ್ತಿವೆ. ನನ್ನಂಥ ವಿದ್ಯುತ್ ಎಂಜಿನಿಯರ್‌ಗಳಿಗೆ ಕೆಲಸ ಇರುವುದು ಅಲ್ಲೇ. ನಾವಿರುವ ಕ್ಲಾಂಗ್ ಕಣಿವೆಯಿಂದ ಅಲ್ಲಿಗೆ ಹೆದ್ದಾರಿಯಲ್ಲಿ ಹೆಚ್ಚುಕಡಿಮೆ ಮುನ್ನೂರು ಕಿಲೋಮೀಟರ್. ಬೆಳಿಗ್ಗೆ ಹೋಗಿ ಸಂಜೆ ಮನೆಗೆ ಬರುವ ದೂರವಲ್ಲ.

ಇವರು ಸಂದೇಶ ಓದಿ ಕೂಡಲೇ, "ನೀನು ಹೋಗು. ಮಗಳೂ ನಾನೂ ಹೆಂಗಾದ್ರೂ ನೋಡ್ಕಂತೀವಿ. ಶನಿವಾರ ಬಂದ್ರೆ ಸಾಕು" ಅಂದರು. ಆ ಮಾತಿನಲ್ಲಿ ಧೈರ್ಯವಿತ್ತು. ಆದರೆ ಅದಕ್ಕೆ ಕೆಲವೇ ದಿನ ಮೊದಲು ನಡೆದದ್ದು ನನ್ನ ಕಣ್ಣಲ್ಲೇ ಇತ್ತು. ಡಯಾಲಿಸಿಸ್ ರೋಗಿಗಳ ತೋಳಿನಲ್ಲಿ ಅಪಧಮನಿಯನ್ನೂ ಅಭಿಧಮನಿಯನ್ನೂ ಹೊಲಿದು ಜೋಡಿಸಿರುತ್ತಾರೆ, ಅದನ್ನು ಫಿಸ್ಟುಲಾ ಅನ್ನುತ್ತಾರೆ. ಬೆರಳಿಟ್ಟರೆ ಒಳಗೆ ಗುಂಯ್ ಎಂದು ಕಂಪಿಸುವುದು ಗೊತ್ತಾಗುತ್ತದೆ. ಆ ಕಂಪನ ನಿಂತರೆ ರಕ್ತ ಹೆಪ್ಪುಗಟ್ಟಿತೆಂದು ಅರ್ಥ, ಕೂಡಲೇ ಆಸ್ಪತ್ರೆಗೆ ಓಡಬೇಕು. ಆ ಸಂಜೆ ಕೇಂದ್ರದಿಂದ ಮನೆಗೆ ಬರುವಾಗ ಕಾರಿನಲ್ಲಿ ಸೂಜಿ ತೆಗೆದ ಜಾಗ ಬಿಚ್ಚಿಕೊಂಡಿತು. ಅಂಗಿಯ ತೋಳು ತೊಯ್ದದ್ದು ನೋಡಿದ ಮೇಲೆಯೇ ಇವರಿಗೂ ಗೊತ್ತಾದದ್ದು. ರಸ್ತೆ ಬದಿಗೆ ನಿಲ್ಲಿಸಿ ಗಾಜ್ ಇಟ್ಟು ಎರಡು ಬೆರಳಿಂದ ಒತ್ತಿ ಹಿಡಿದೆ. ತೀರಾ ಗಟ್ಟಿಯಾಗಿ ಒತ್ತಿದರೆ ಕಂಪನವೇ ನಿಂತು ಫಿಸ್ಟುಲಾ ಹಾಳಾಗಬಹುದು, ಸಡಿಲ ಬಿಟ್ಟರೆ ರಕ್ತ ನಿಲ್ಲುವುದಿಲ್ಲ. ರಕ್ತ ನಿಲ್ಲುವ ತನಕ ಇಬ್ಬರೂ ಮಾತಾಡಲಿಲ್ಲ. ಡಯಾಲಿಸಿಸ್ ಮುಗಿದ ದಿನ ರಕ್ತದೊತ್ತಡ ಬಿದ್ದು ಎದ್ದು ನಿಲ್ಲಲಾಗದ ಸಂಜೆಗಳೂ ಇರುತ್ತಿದ್ದವು. ಅಂಥ ಸಂಜೆ ಹದಿನೇಳು ವರ್ಷದ ಹುಡುಗಿಯೊಬ್ಬಳೇ ಮನೆಯಲ್ಲಿ ಇರುವುದು, ಅದೂ ಪರೀಕ್ಷೆಯ ವರ್ಷ, ನನಗೆ ಒಪ್ಪಿಗೆಯಾಗಲಿಲ್ಲ.

ಜೊಹೊರ್‌ನಲ್ಲೂ ಡಯಾಲಿಸಿಸ್ ಕೇಂದ್ರಗಳಿವೆ, ಎಲ್ಲರೂ ಹೋಗಬಹುದಲ್ಲ ಎಂದು ಗೆಳತಿಯೊಬ್ಬಳು ಕೇಳಿದಳು. ಕೇಂದ್ರ ಬದಲಿಸುವುದಕ್ಕೂ ಒಂದು ಕ್ರಮವಿದೆ. ಹೆಪಟೈಟಿಸ್ ಬಿ, ಸಿ ಮತ್ತು ಎಚ್‌ಐವಿಯ ಹೊಸ ರಕ್ತಪರೀಕ್ಷೆಯ ವರದಿ ಬೇಕು, ಹಿಂದಿನ ಕೇಂದ್ರದ ಪೂರ್ತಿ ದಾಖಲೆ ಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಅಲ್ಲಿ ನಮಗೆ ಹೊಂದುವ ಸರದಿಯಲ್ಲಿ ಕುರ್ಚಿ ಖಾಲಿ ಇರಬೇಕು. ಇದು ಆಗದ ಕೆಲಸವಲ್ಲ. ಮಗಳ ಪರೀಕ್ಷೆ ಮುಗಿದಿದ್ದರೆ ಹಾಗೇ ಮಾಡುತ್ತಿದ್ದೆವು.

ಇಲ್ಲಿ ನನಗೊಂದು ವಿಷಯ ಸ್ಪಷ್ಟವಾಯಿತು. ನನ್ನದು "ಎಂದೂ ಬರಲಾರೆ" ಎಂಬ ಸ್ಥಿತಿಯಲ್ಲ, "ಏಪ್ರಿಲ್ ತನಕ ಬರಲಾರೆ" ಎಂಬ ಸ್ಥಿತಿ. ಉತ್ತರದಲ್ಲಿ ಈ ತಾರೀಖು ಇರಲೇಬೇಕು ಅಂದುಕೊಂಡೆ. ಬರೀ ಇಲ್ಲ ಎಂದರೆ ಆ ಹೆಂಗಸು ನನ್ನ ಹೆಸರನ್ನು ಪಕ್ಕಕ್ಕಿಡುತ್ತಿದ್ದರು. ನೋಡೋಣ, ಯೋಚಿಸುತ್ತೇನೆ ಎಂದು ತೇಲಿಸಿದರೆ ಅದು ಇನ್ನೂ ಕೆಟ್ಟದ್ದು. ಏಜೆಂಟರಿಗೆ ಕಂಪನಿ ಹಣ ಕೊಡುವುದು ಅಭ್ಯರ್ಥಿ ಸೇರಿದ ಮೇಲೆ. ಸೇರಿದವರು ಮೊದಲ ಕೆಲವು ತಿಂಗಳಲ್ಲೇ ಬಿಟ್ಟು ಹೋದರೆ ಬದಲಿ ಹುಡುಕಿ ಕೊಡಬೇಕು, ಇಲ್ಲವೇ ಹಣ ವಾಪಸ್. ಮನೆ ಬದಲಿಸುವ ಮನಸ್ಸಿಲ್ಲದವರನ್ನು ಒಪ್ಪಿಸಿ ಕಳಿಸಿ ಅವರು ಎಷ್ಟೋ ಸಲ ಸುಟ್ಟುಕೊಂಡಿರುತ್ತಾರೆ. ಹೀಗಾಗಿ ಅಲ್ಲಿಗೆ ಬರಲಾರೆ ಎಂಬುದನ್ನು ಆರಂಭದಲ್ಲೇ ಹೇಳಿಬಿಡುವುದು ಅವರಿಗೂ ಉಪಕಾರ.

ಪರ್ಯಾಯಗಳ ವಿಷಯಕ್ಕೆ ನಾನು ಹೆಚ್ಚು ಹೊತ್ತು ಕೂತೆ. ನನಗೆ ಯಾವುದು ಅನುಕೂಲ ಎಂದು ಬರೆದರೆ ಅದು ಬೇಡಿಕೆಯಾಗುತ್ತದೆ. ಅವರ ಕೆಲಸದಲ್ಲಿ ಯಾವ ಭಾಗಕ್ಕೆ ಸೈಟಿನಲ್ಲಿ ಇರಲೇಬೇಕು, ಯಾವುದಕ್ಕೆ ಬೇಡ ಎಂದು ಬಿಡಿಸಿ ತೋರಿಸಿದರೆ ಅದು ಅವರು ಕಂಪನಿಯ ಮುಂದಿಡಬಹುದಾದ ಮಾತಾಗುತ್ತದೆ. ಡೇಟಾ ಸೆಂಟರ್ ಕಮಿಷನಿಂಗ್‌ಗೆ ಐದು ಹಂತ. ಒಂದನೆಯದು ಜನರೇಟರ್, ಯುಪಿಎಸ್, ಚಿಲ್ಲರ್‌ಗಳನ್ನು ತಯಾರಾದ ಕಾರ್ಖಾನೆಯಲ್ಲೇ ಪರೀಕ್ಷಿಸುವುದು. ಎರಡನೆಯದು ಸೈಟಿಗೆ ಬಂದ ಯಂತ್ರ ಸರಿಯಿದೆಯೇ, ಸರಿಯಾಗಿ ಕೂರಿಸಿದ್ದಾರೆಯೇ ಎಂಬ ತಪಾಸಣೆ. ಮೂರನೆಯದು ಮೊದಲ ಸಲ ಚಾಲೂ ಮಾಡುವುದು. ನಾಲ್ಕನೆಯದು ಒಂದೊಂದು ವ್ಯವಸ್ಥೆಯನ್ನೂ ಪೂರ್ಣ ಹೊರೆಯಲ್ಲಿ ಓಡಿಸಿ ನೋಡುವುದು. ಐದನೆಯದು ಎಲ್ಲವನ್ನೂ ಕೂಡಿಸಿ ಮಾಡುವ ಪರೀಕ್ಷೆ. ಸರ್ವರ್‌ಗಳ ಬದಲು ಅಷ್ಟೇ ಶಾಖ ಉಗುಳುವ ಲೋಡ್ ಬ್ಯಾಂಕ್‌ಗಳನ್ನು ಹಾಲ್ ತುಂಬ ಇಟ್ಟು, ಹೊರಗಿನಿಂದ ಬರುವ ಕರೆಂಟನ್ನು ಬೇಕೆಂದೇ ತೆಗೆದುಬಿಡುತ್ತೇವೆ. ಯುಪಿಎಸ್ ಬ್ಯಾಟರಿಗಳು ಹೊರೆ ಹಿಡಿದುಕೊಳ್ಳಬೇಕು, ಹತ್ತು ಹದಿನೈದು ಸೆಕೆಂಡಿನಲ್ಲಿ ಜನರೇಟರ್‌ಗಳು ಎದ್ದು ವಹಿಸಿಕೊಳ್ಳಬೇಕು. ಚಿಲ್ಲರ್‌ಗಳು ನಿಂತು ಮತ್ತೆ ಶುರುವಾಗುವ ತನಕ ಹಾಲ್‌ನ ತಾಪ ಎಷ್ಟು ಏರುತ್ತದೆಂದು ಉಸಿರು ಬಿಗಿಹಿಡಿದು ನೋಡುತ್ತಿರುತ್ತೇವೆ. ಈ ನಾಲ್ಕು, ಐದನೆಯ ಹಂತಗಳಿಗೆ ಕಮಿಷನಿಂಗ್ ಎಂಜಿನಿಯರ್ ಅಲ್ಲೇ ನಿಂತಿರಬೇಕು. ಅದಕ್ಕೆ ಬೇರೆ ದಾರಿಯಿಲ್ಲ. ಆದರೆ ಆ ಪರೀಕ್ಷೆಗಳ ವಿಧಿವಿಧಾನ ಬರೆಯುವುದು, ನಕ್ಷೆಗಳ ಪರಿಶೀಲನೆ, ಕಾರ್ಖಾನೆ ಪರೀಕ್ಷೆಯ ವರದಿ, ದೋಷಗಳ ಪಟ್ಟಿಯನ್ನು ಬೆನ್ನುಹತ್ತುವುದು, ಇದೆಲ್ಲಕ್ಕೆ ಸೆಡೆನಾಕ್‌ನಲ್ಲಿ ಮನೆ ಮಾಡಬೇಕಿಲ್ಲ.

ಅಲ್ಲೇ ಇರಬೇಕಾದ ವಾರಗಳಲ್ಲಿ ಮನೆ ನೋಡುವವರಾರು? ನನ್ನ ತಮ್ಮನಿಗೆ ಫೋನ್ ಮಾಡಿದೆ. 2023ರ ಡಿಸೆಂಬರ್ 1ರಿಂದ ಭಾರತೀಯರು ಮಲೇಷ್ಯಾಕ್ಕೆ ವೀಸಾ ಇಲ್ಲದೆ ಮೂವತ್ತು ದಿನದ ಮಟ್ಟಿಗೆ ಬರಬಹುದಾಗಿತ್ತು. "ತಾರೀಖು ಹೇಳಕ್ಕ, ರಜೆ ಹಾಕಿ ಬರ್ತೀನಿ" ಅಂದ. ತಾರೀಖು ಮೊದಲೇ ಗೊತ್ತಿರಬೇಕೆಂಬ ಷರತ್ತು ಪತ್ರಕ್ಕೆ ಸೇರಿದ್ದು ಹೀಗೆ.

ಇಷ್ಟು ಕೂಡಿಸಿಕೊಂಡು ಸಂದೇಶ ಬಂದ ಮರುದಿನವೇ ಬರೆದೆ. ಕನ್ನಡದಲ್ಲಿ ಅದು ಹೀಗಿದೆ:

"ನಮಸ್ಕಾರ. ಸೆಡೆನಾಕ್‌ನ ಹುದ್ದೆಗೆ ನನ್ನನ್ನು ನೆನಪಿಸಿಕೊಂಡದ್ದಕ್ಕೆ ಧನ್ಯವಾದ. ಜೊಹೊರ್‌ಗೆ ಮನೆ ಬದಲಿಸಲು ನನ್ನಿಂದ ಆಗುವುದಿಲ್ಲ. ಮಗಳ ಬೋರ್ಡ್ ಪರೀಕ್ಷೆ ಮತ್ತು ಮನೆಯವರೊಬ್ಬರ ನಿಯತ ಚಿಕಿತ್ಸೆ ಇದಕ್ಕೆ ಕಾರಣ. 2025ರ ಏಪ್ರಿಲ್ ಮಧ್ಯದ ತನಕ ಈ ಸ್ಥಿತಿ ಬದಲಾಗದು, ಸಂಬಳ ಹೆಚ್ಚಿಸಿದರೂ ಆಗದು. ಆದರೆ ಕೆಲಸ ನನ್ನ ಅನುಭವಕ್ಕೆ ಹೊಂದುವುದರಿಂದ ಮೂರು ದಾರಿಗಳನ್ನು ಸೂಚಿಸುತ್ತೇನೆ.

ಕಂಪನಿ ಒಪ್ಪುವುದಾದರೆ ಪರೀಕ್ಷಾ ವಿಧಾನಗಳ ಬರವಣಿಗೆ, ವಿನ್ಯಾಸ ಪರಿಶೀಲನೆ, ಕಾರ್ಖಾನೆ ಪರೀಕ್ಷೆಗಳನ್ನು ಕ್ಲಾಂಗ್ ಕಣಿವೆಯಿಂದ ನಡೆಸಿ, ನಾಲ್ಕನೆಯ ಮತ್ತು ಐದನೆಯ ಹಂತಗಳಿಗೆ ಪೂರ್ತಿ ವಾರಗಳ ಮಟ್ಟಿಗೆ ಸೆಡೆನಾಕ್‌ನಲ್ಲಿ ಇರಬಲ್ಲೆ. ಆ ವಾರಗಳು ಒಂದು ತಿಂಗಳು ಮೊದಲು ಗೊತ್ತಾಗಬೇಕು.

ಹುದ್ದೆ ಸೈಟಿನಲ್ಲೇ ಇರಬೇಕೆಂದಾದರೆ, ಅದೇ ಯೋಜನೆಗೆ ಕಮಿಷನಿಂಗ್ ಸಲಹೆಗಾರರೊಬ್ಬರು ಹೊರಗಿನಿಂದ ಇದ್ದೇ ಇರುತ್ತಾರೆ. ಅವರ ಕಚೇರಿ ಈ ಕಡೆ ಇದ್ದು, ಜನ ಬೇಕಿದ್ದರೆ ನನ್ನ ವಿವರ ಅವರಿಗೆ ಕೊಡಬಹುದು.

ಪೂರ್ಣಾವಧಿಗೆ ಅಲ್ಲೇ ಇರಬಲ್ಲ ಒಬ್ಬರನ್ನು ಬಲ್ಲೆ. ಮಲೇಷ್ಯಾ ಪ್ರಜೆ, ಮನೆ ಕುಲಾಯ್‌ನಲ್ಲಿ, ನನ್ನ ಜೊತೆ ಕೆಲಸ ಮಾಡಿದವರು. ಅವರನ್ನು ಕೇಳಿದ್ದೇನೆ, ನಿಮಗೆ ಬೇಕಾದರೆ ಫೋನ್ ನಂಬರ್ ಕೊಡಲು ಒಪ್ಪಿದ್ದಾರೆ.

ನನ್ನ ಈಗಿನ ಪಾಸ್ ನವೆಂಬರ್ 30ರ ತನಕ. ಹೊಸ ಅರ್ಜಿ ಬೇಕಾಗುವುದರಿಂದ ಅಕ್ಟೋಬರ್ ಮಧ್ಯದೊಳಗೆ ತೀರ್ಮಾನವಾದರೆ ಮಾತ್ರ ಕಾಗದಪತ್ರ ಹೊಂದೀತು. ಇವ್ಯಾವುದೂ ಆಗದಿದ್ದರೆ ಏಪ್ರಿಲ್ ನಂತರದ ಹುದ್ದೆಗಳಿಗೆ ದಯವಿಟ್ಟು ಮತ್ತೆ ಬರೆಯಿರಿ."

ಕಾಯಿಲೆಯ ಹೆಸರನ್ನು ಬೇಕೆಂದೇ ಬರೆಯಲಿಲ್ಲ. ಅದು ಮನೆಯವರ ಖಾಸಗಿ ಸಂಗತಿ, ಏಜೆಂಟರು ಅದನ್ನು ಇನ್ನೊಬ್ಬರಿಗೆ ಕಳಿಸುತ್ತಾರೆ. ಪಾಸಿನ ಕೊನೆಯ ದಿನವನ್ನು ಮಾತ್ರ ಬರೆದೆ. ಹೇಳಿದರೆ ನಮ್ಮ ತುರ್ತು ಗೊತ್ತಾಗಿ ಸಂಬಳ ಇಳಿಸುತ್ತಾರೆಂದು ಕೆಲವರು ಮುಚ್ಚಿಡುತ್ತಾರೆ. ಆದರೆ ಇಮಿಗ್ರೇಷನ್‌ಗೆ ಹಿಡಿಯುವ ಸಮಯ ಯಾರು ಚೌಕಾಸಿ ಮಾಡಿದರೂ ಕಡಿಮೆಯಾಗುವುದಿಲ್ಲ. ನಂಬರ್ ಕೊಡುವ ಮೊದಲು ಗೆಳೆಯರನ್ನು ಕೇಳಿದ್ದಕ್ಕೂ ಕಾರಣವಿದೆ. ಅವರೂ ನಮ್ಮ ಜೊತೆಯಲ್ಲೇ ಕಡಿತವಾದವರು, ಆದರೆ ಅದನ್ನು ಇನ್ನೂ ಮನೆಯಲ್ಲಿ ಹೇಳಿರಲಿಲ್ಲ.

ಆ ಹೆಂಗಸು ಎರಡು ದಿನ ಬಿಟ್ಟು ಫೋನ್ ಮಾಡಿದರು. ಮೊದಲ ದಾರಿಯನ್ನು ಕಂಪನಿ ಒಪ್ಪಲಿಲ್ಲ. ಗುತ್ತಿಗೆದಾರರ ಕೆಲಸದ ಪರವಾನಗಿಗಳಿಗೆ ದಿನಾ ಬೆಳಿಗ್ಗೆ ಸಹಿ ಹಾಕಬೇಕಾದ ಹುದ್ದೆ ಅದು, ಮುನ್ನೂರು ಕಿಲೋಮೀಟರ್ ದೂರದಿಂದ ಆಗದು ಅಂದರಂತೆ. ಅದು ನ್ಯಾಯವೇ. ಎರಡನೆಯದಕ್ಕೆ, ಪೆಟಾಲಿಂಗ್ ಜಯಾದಲ್ಲಿ ಕಚೇರಿಯಿರುವ ಒಂದು ಸಲಹಾ ಸಂಸ್ಥೆಗೆ ನನ್ನ ವಿವರ ಕಳಿಸಿದ್ದೇನೆ ಅಂದರು. ಮೂರನೆಯದಕ್ಕೆ ನಂಬರ್ ಕೇಳಿದರು.

ಆಮೇಲಿನ ಎರಡು ತಿಂಗಳು ನೆನೆದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಸಲಹಾ ಸಂಸ್ಥೆಯವರು ಮಾತಾಡಿಸಿದರು, ಒಪ್ಪಿದರು, ಸಂಬಳ ಹಳೆಯದಕ್ಕಿಂತ ಸ್ವಲ್ಪ ಕಡಿಮೆ. ಕರಾರಿಗೆ ಸಹಿ ಬಿದ್ದದ್ದು ಅಕ್ಟೋಬರ್ ಮೂರನೆಯ ವಾರದಲ್ಲಿ. ಹಳೆಯ ಕಂಪನಿಯ ಬಿಡುಗಡೆ ಪತ್ರ ಬರಲು ತಡವಾಯಿತು. ಬರೆಯಬೇಕಾದ ವಿಭಾಗದವರೇ ಕಡಿತವಾಗಿ ಹೋಗಿದ್ದರು. ದೀಪಾವಳಿಯ ರಜೆ ನಡುವೆ ಬಂತು. ನಾವು ದೀಪ ಹಚ್ಚಿದೆವು, ಯಾರೂ ಹೆಚ್ಚು ಮಾತಾಡಲಿಲ್ಲ. ನವೆಂಬರ್ ಮುಗಿಯುವುದರೊಳಗೆ ಮಂಜೂರಾತಿ ಬರದಿದ್ದರೆ ಇಮಿಗ್ರೇಷನ್‌ನಲ್ಲಿ ಸ್ಪೆಷಲ್ ಪಾಸ್ ಕೇಳಬೇಕಿತ್ತು. ಕೊಡುವುದು ಬಿಡುವುದು ಅವರ ವಿವೇಚನೆಗೆ ಬಿಟ್ಟದ್ದು. ಅದೂ ಇಲ್ಲವಾದರೆ ಮಗಳನ್ನು ಯಾರ ಮನೆಯಲ್ಲಿ ಬಿಡುವುದು, ಡಿಪೆಂಡೆಂಟ್ ಪಾಸ್ ಇಲ್ಲದೆ ಅವಳು ಇರಬಹುದೇ ಎಂದು ಶಾಲೆಯ ಕಚೇರಿಯಲ್ಲಿ ವಿಚಾರಿಸಿ ಬಂದೆ. ಆ ಕಚೇರಿಯಲ್ಲಿ ಕೂತಾಗ ಮೊದಲ ಸಲ ಅತ್ತೆ.

ಮಂಜೂರಾತಿ ನವೆಂಬರ್ ಕೊನೆಯ ವಾರದಲ್ಲಿ ಬಂತು. ಇವರ, ಮಗಳ ಪಾಸ್‌ಗಳು ನನ್ನದರ ಹಿಂದೆಯೇ ಆದವು. ಹೊಸ ಕಂಪನಿಯ ವಿಮೆ ತಕ್ಷಣ ಶುರುವಾಗಲಿಲ್ಲ. ನಡುವಿನ ಡಯಾಲಿಸಿಸ್‌ಗಳಿಗೆ ಕೈಯಿಂದ ಕೊಟ್ಟೆವು, ದಾವಣಗೆರೆಯಲ್ಲಿದ್ದ ಠೇವಣಿ ಮುರಿಸಿದೆವು. ವಿಮೆ ಒಂದು ದಿನವೂ ಬಿಡುವಿಲ್ಲದೆ ಮುಂದುವರಿಯುತ್ತದೆಯೇ ಎಂದು ಕರಾರಿಗೆ ಸಹಿ ಹಾಕುವ ಮೊದಲು ಕೇಳುವುದು, ಮನೆಯಲ್ಲಿ ದೀರ್ಘ ಕಾಯಿಲೆ ಇರುವವರಿಗೆ, ಸಂಬಳ ಕೇಳುವುದಕ್ಕಿಂತ ಮುಖ್ಯ.

ಮಗಳ ಕೊನೆಯ ಪತ್ರಿಕೆಯ ತನಕ ನಾವು ಪುಚೊಂಗ್‌ನ ಮನೆ ಬದಲಿಸಲಿಲ್ಲ. ಜನವರಿಯಲ್ಲಿ ತಮ್ಮ ಬಂದ. ಅವನು ಮನೆಯಲ್ಲಿದ್ದ ವಾರಗಳಲ್ಲಿ ನಾನು ಐದನೆಯ ಹಂತದ ಪರೀಕ್ಷೆಗೆ ಸಲಹಾ ಸಂಸ್ಥೆಯ ಪರವಾಗಿ ಸೆಡೆನಾಕ್‌ಗೆ ಹೋದೆ. ಗೇಟಿನಲ್ಲಿ ನನ್ನ ಪರವಾನಗಿಗೆ ಸಹಿ ಹಾಕಿದ್ದು ಕುಲಾಯ್‌ನ ಆ ಗೆಳೆಯರು. ಏಜೆಂಟರು ನನಗೆಂದು ತಂದಿದ್ದ ಹುದ್ದೆಯಲ್ಲಿ ಅವರಿದ್ದಾರೆ, ಮನೆಯಿಂದ ಇಪ್ಪತ್ತು ನಿಮಿಷದ ದಾರಿ.